ಹಿಂಡು ಜೇನು ಮನೆ ಹುಡುಕುವ ಬಗೆ

ಜೇನು ಕುಟುಂಬವೊಂದು ತುಂಬಿ ತುಳುಕಿದಾಗ ಪಾಲಾಗುತ್ತದೆ. ಹೊರಟು ಹೋಗುವುದು ಹೊಸ ರಾಣಿಯಲ್ಲ, ಹಳೆಯ ರಾಣಿ. ಕೆಲಸಗಾರ ಜೇನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಳ ಜೊತೆ ಹೊರಡುತ್ತವೆ. ಎರಿಗಳು, ಕೂಡಿಟ್ಟ ತುಪ್ಪ, ಬೆಳೆಯುತ್ತಿರುವ ಮರಿಗಳು ಎಲ್ಲವೂ ಗೂಡಿನಲ್ಲಿ ಉಳಿಯುವ ಮಗಳು ರಾಣಿಗೆ.

ಹೂವು ಹೇರಳವಾಗಿರುವ ಕಾಲದಲ್ಲಿ ಮರಿಗಳು ಹೆಚ್ಚಿ, ಗೂಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಾಣಿಯ ಮೈಯಿಂದ ಹೊರಡುವ ರಾಸಾಯನಿಕ ಆ ದಟ್ಟಣೆಯಲ್ಲಿ ಎಲ್ಲರಿಗೂ ಸಾಕಷ್ಟು ತಲುಪುವುದಿಲ್ಲ. ಆಗ ಕೆಲಸಗಾರ ಜೇನುಗಳು ಎರಿಯ ಅಂಚಿನಲ್ಲಿ ಕಡಲೆಕಾಯಿಯಂತೆ ಜೋತುಬೀಳುವ ರಾಣಿ ಕೋಶಗಳನ್ನು ಕಟ್ಟತೊಡಗುತ್ತವೆ. ಹಳೆಯ ರಾಣಿಗೆ ಕೊಡುವ ಆಹಾರವನ್ನು ಕಡಿಮೆ ಮಾಡುತ್ತವೆ. ಮೊಟ್ಟೆಯಿಡುವುದು ನಿಂತು, ಮೈ ಇಳಿದು, ಅವಳು ಮತ್ತೆ ಹಾರಬಲ್ಲವಳಾಗುತ್ತಾಳೆ. ರಾಣಿ ಕೋಶಗಳ ಬಾಯಿ ಮುಚ್ಚಿದ ಮೇಲೆ, ಬಿಸಿಲಿರುವ ದಿನ ನೋಡಿ, ಹೊಟ್ಟೆ ತುಂಬ ತುಪ್ಪ ಹೀರಿಕೊಂಡು ಹಿಂಡು ಹೊರಬೀಳುತ್ತದೆ.

ಅದು ನೇರವಾಗಿ ಹೊಸ ಮನೆಗೆ ಹೋಗುವುದಿಲ್ಲ. ಹತ್ತಿರದ ಕೊಂಬೆಯಲ್ಲಿ ಗಡ್ಡದಂತೆ ಇಳಿಬಿದ್ದು, ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಅಲ್ಲೇ ಇರುತ್ತದೆ. ಮನೆ ಹುಡುಕುವವು ಹತ್ತು ಸಾವಿರ ಜೇನುಗಳಲ್ಲಿ ಕೆಲವು ನೂರು ಮಾತ್ರ. ಇವು ಮೇವು ತಂದು ಅನುಭವವಿರುವ ಹಿರಿಯ ಜೇನುಗಳು.

ಈ ಹುಡುಕಾಟವನ್ನು ಮೊದಲು ಬಿಡಿಸಿ ನೋಡಿದವರು ಜರ್ಮನಿಯ ಮಾರ್ಟಿನ್ ಲಿಂಡಾವರ್. ಯುದ್ಧದಲ್ಲಿ ನೆಲಕಚ್ಚಿದ್ದ ಮ್ಯೂನಿಕ್ ನಗರದಲ್ಲಿ, 1949ರಲ್ಲಿ, ಹಿಂಡಿನ ಮೇಲೆ ಕುಣಿಯುತ್ತಿದ್ದ ಜೇನುಗಳು ಅವರ ಕಣ್ಣಿಗೆ ಬಿದ್ದವು. ಮೇವು ತರುವ ಜೇನುಗಳಾಗಿದ್ದರೆ ಮೈಮೇಲೆ ಪರಾಗವಿರಬೇಕಿತ್ತು. ಇವುಗಳ ಮೈಗೆ ಮೆತ್ತಿದ್ದದ್ದು ಹೊಗೆಗೂಡಿನ ಮಸಿ, ಇಟ್ಟಿಗೆಯ ಕೆಂಪು ಧೂಳು. ಪಾಳುಬಿದ್ದ ಕಟ್ಟಡಗಳ ಪೊಟರೆಗಳನ್ನು ಹೊಕ್ಕು ನೋಡಿ ಬಂದಿದ್ದವು ಅವು. ಕುಣಿತದ ದಿಕ್ಕು ಪೊಟರೆ ಇರುವ ದಿಕ್ಕನ್ನೂ, ಹೊಟ್ಟೆ ಅಲುಗಿಸುತ್ತ ಓಡುವ ಅವಧಿ ದೂರವನ್ನೂ ತಿಳಿಸುತ್ತವೆ.

ಅವುಗಳಿಗೆ ಎಂಥ ಮನೆ ಬೇಕೆಂಬುದನ್ನು ಅಳೆದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲೀ. ಯುರೋಪಿನ ಜೇನಿಗೆ ಸುಮಾರು 40 ಲೀಟರ್ ಹಿಡಿಸುವ, ನೆಲದಿಂದ ಎತ್ತರದಲ್ಲಿರುವ, ಸಣ್ಣ ಬಾಗಿಲಿನ ಪೊಟರೆ ಇಷ್ಟ. ಇದಕ್ಕಿಂತ ತೀರ ಚಿಕ್ಕದಾದರೆ ಚಳಿಗಾಲಕ್ಕೆ ಬೇಕಾದಷ್ಟು ತುಪ್ಪ ಕೂಡಿಡಲು ಜಾಗ ಸಾಲುವುದಿಲ್ಲ. ನಮ್ಮ ತುಡುವೆ ಜೇನೂ ಪೊಟರೆಯಲ್ಲೇ ನೆಲೆಸುವ, ಪಾಲಾಗುವ ಜಾತಿಯೇ. ಆದರೆ ಇಲ್ಲಿನ ಅಳತೆಗಳು ಯುರೋಪಿನ ಜೇನಿನವು.

ಮೇನ್ ರಾಜ್ಯದ ಆಪಲ್‌ಡೋರ್ ದ್ವೀಪದಲ್ಲಿ ದೊಡ್ಡ ಮರಗಳಿಲ್ಲ, ಆದ್ದರಿಂದ ಜೇನಿಗೆ ಬೇರೆ ಪೊಟರೆ ಸಿಗುವುದು ಕಷ್ಟ. ಅಲ್ಲಿ ಸೀಲೀ ಐದು ಪೆಟ್ಟಿಗೆಗಳನ್ನಿಟ್ಟರು. ನಾಲ್ಕು 15 ಲೀಟರಿನವು, ಒಂದು ಮಾತ್ರ 40 ಲೀಟರಿನದು. ಐದು ಸಲ ಹಿಂಡು ಬಿಟ್ಟಾಗ ನಾಲ್ಕು ಸಲ ಅವು ದೊಡ್ಡದನ್ನೇ ಆರಿಸಿಕೊಂಡವು. ಯಾವ ಜೇನೂ ಎಲ್ಲ ಪೆಟ್ಟಿಗೆಗಳನ್ನು ನೋಡಿ ಹೋಲಿಸಿರಬೇಕೆಂದಿಲ್ಲ. ಪ್ರತಿ ಜೇನು ತಾನು ಕಂಡದ್ದಕ್ಕೆ ಎಷ್ಟು ಸುತ್ತು ಕುಣಿಯಬೇಕೆಂಬುದನ್ನಷ್ಟೇ ತೀರ್ಮಾನಿಸುತ್ತದೆ.

ಆಯ್ಕೆಯ ಗುಟ್ಟಿರುವುದು ಇಲ್ಲೇ. ಒಳ್ಳೆಯ ಜಾಗಕ್ಕೆ ಹೆಚ್ಚು ಸುತ್ತು, ಸಾಧಾರಣ ಜಾಗಕ್ಕೆ ಕಡಿಮೆ. ಪ್ರತಿ ಸಲ ಜಾಗಕ್ಕೆ ಹೋಗಿ ಬಂದಾಗ ಸುತ್ತುಗಳು ಸುಮಾರು ಹದಿನೈದರಷ್ಟು ಇಳಿಯುತ್ತವೆ. ಒಂದು ಜೇನು 60 ಸುತ್ತಿನಿಂದ ಶುರುಮಾಡಿದರೆ ಮುಂದೆ 45, 30, 15 ಆಗಿ ಒಟ್ಟು 150 ಸುತ್ತು. 30ರಿಂದ ಶುರುಮಾಡಿದ್ದು ಒಟ್ಟು 45ಕ್ಕೇ ಮುಗಿಸುತ್ತದೆ. ಮೊದಲಿದ್ದ ಎರಡು ಪಟ್ಟು ವ್ಯತ್ಯಾಸ ಕೊನೆಗೆ ಮೂರು ಪಟ್ಟನ್ನು ಮೀರುತ್ತದೆ. ಹೆಚ್ಚು ಕುಣಿತ ಹೆಚ್ಚು ಹೊಸಬರನ್ನು ಸೆಳೆಯುತ್ತದೆ. ಅವರೂ ಹೋಗಿ, ಸ್ವತಃ ನೋಡಿ, ಮೆಚ್ಚಿದರೆ ಬಂದು ಕುಣಿಯುತ್ತಾರೆ. ಕುಣಿತ ನಿಂತುಹೋಗುವುದು ಸೋತವರ ಹಟವನ್ನು ಕರಗಿಸುತ್ತದೆ. ಜೊತೆಗೆ ಬೇರೆ ಜಾಗದ ಪರವಾಗಿರುವ ಜೇನು ಕುಣಿಯುವವಳಿಗೆ ತಲೆಯಿಂದ ಗುದ್ದಿ, ಚುಟುಕಾಗಿ ಝೇಂಕರಿಸಿ, ನಿಲ್ಲಿಸುವುದೂ ಉಂಟು.

ಹೊರಡುವ ಹೊತ್ತು ನಿಶ್ಚಯವಾಗುವುದು ಕುಣಿತದ ಒಮ್ಮತದಿಂದಲ್ಲ. ಹೊಸ ಜಾಗದಲ್ಲಿ ಒಟ್ಟಿಗೆ ಇಪ್ಪತ್ತು ಮೂವತ್ತು ಶೋಧಕ ಜೇನುಗಳು ಕಂಡರೆ ಸಾಕು. ಸೀಲೀ ಮತ್ತು ಅವರ ಸಹಸಂಶೋಧಕ ಕರ್ಕ್ ವಿಷರ್ ಐದು ಒಳ್ಳೆಯ ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲೇ ಇಟ್ಟಾಗ ಕುಣಿತಗಳೆಲ್ಲ ಒಂದೇ ದಿಕ್ಕನ್ನು ತೋರಿದವು. ಆದರೂ ಜೇನುಗಳು ಐದು ಬಾಗಿಲುಗಳಿಗೆ ಹಂಚಿಹೋಗಿದ್ದರಿಂದ ಹಿಂಡು ಹೊರಡುವುದು ತಡವಾಯಿತು.

ಸಂಖ್ಯೆ ಕೂಡಿದ ಮೇಲೆ ಶೋಧಕ ಜೇನುಗಳು ಹಿಂಡಿಗೆ ಮರಳಿ, ಸಂದಿಗೊಂದಿಗಳಲ್ಲಿ ನುಸುಳುತ್ತ ಕೀಚಲು ದನಿ ಹೊರಡಿಸುತ್ತವೆ. ಅದನ್ನು ಕೇಳಿ ಉಳಿದವು ರೆಕ್ಕೆಯ ಸ್ನಾಯುಗಳನ್ನು ಹಾರಲು ಬೇಕಾದ 35 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಕೊಳ್ಳುತ್ತವೆ. ಒಮ್ಮತವಾಗದೆ ಎದ್ದ ಹಿಂಡು ಗಾಳಿಯಲ್ಲೇ ಇಬ್ಭಾಗವಾದದ್ದನ್ನೂ ಲಿಂಡಾವರ್ ನೋಡಿದ್ದರು.

ಹಾರುವ ಹಿಂಡಿನಲ್ಲಿ ದಾರಿ ಬಲ್ಲವು ಶೋಧಕ ಜೇನುಗಳು ಮಾತ್ರ. ಅವು ಹಿಂಡಿನ ಮೇಲ್ಭಾಗದಲ್ಲಿ ಸೇರಬೇಕಾದ ದಿಕ್ಕಿಗೆ ರಭಸದಿಂದ ಹಾರಿ ದಾರಿ ತೋರಿಸುತ್ತವೆ. ನಡುವೆ ರಾಣಿ ಎಲ್ಲೋ ಬಿದ್ದು ಕಾಣೆಯಾದರೆ ಹಿಂಡು ಹೊಸ ಮನೆಯನ್ನು ಬಿಟ್ಟು ಅವಳನ್ನು ಹುಡುಕಿಕೊಂಡು ಹಿಂತಿರುಗುತ್ತದೆ.