ಗಿಟಾರಿನ ಕೂಗಿಗೆ ನೆಲದ ಮೇಲೆ ಗುರುತು

ಸಭೆಯಲ್ಲಿ ಮೈಕು 'ಕುಂಯ್' ಎಂದರೆ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. 1977ರಲ್ಲಿ ಬರ್ಲಿನ್‌ನ ಹಾನ್ಸಾ ಸ್ಟುಡಿಯೋದಲ್ಲಿ ರಾಬರ್ಟ್ ಫ್ರಿಪ್ ಅಂಥದೇ ಕೂಗನ್ನು ಸಂಗೀತವಾಗಿಸಿದರು. ಡೇವಿಡ್ ಬೋವಿಯ 'ಹೀರೋಸ್' ಹಾಡಿನಲ್ಲಿ ಉದ್ದಕ್ಕೆ ಎಳೆದಂತೆ ಕೇಳಿಸುವ ಗಿಟಾರ್ ಅದು.

ಸದ್ದು ಜೋರಾದಾಗ ಸ್ಪೀಕರಿನಿಂದ ಹೊರಟ ಅಲೆ ಗಿಟಾರಿನ ತಂತಿಯನ್ನೇ ಅಲುಗಿಸುತ್ತದೆ. ತಂತಿಯ ಕೆಳಗಿರುವ ಪಿಕಪ್ ಆ ಅಲುಗಾಟವನ್ನು ಮತ್ತೆ ಆಂಪ್ಲಿಫೈಯರಿಗೆ ಕಳಿಸುತ್ತದೆ. ಈ ಸುತ್ತು ನಡೆದಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಆದರೆ ಮರಳಿ ಬಂದ ಅಲೆ ತಂತಿಯ ಓಲಾಟಕ್ಕೆ ಕೂಡಿಬರಬೇಕು. ಎದುರಾದರೆ ಸ್ವರ ಬೇಗ ಸಾಯುತ್ತದೆ. ಕೂಡುವುದೋ ಎದುರಾಗುವುದೋ ಎಂಬುದು ಬಹುಪಾಲು ದೂರದ ಲೆಕ್ಕ. ಹಾಗಾಗಿ ಫ್ರಿಪ್ ಒಂದೊಂದು ಸ್ವರವೂ ಚೆನ್ನಾಗಿ ನಿಲ್ಲುವ ಜಾಗ ಹುಡುಕಿ ನೆಲಕ್ಕೆ ಟೇಪು ಅಂಟಿಸಿಕೊಂಡಿದ್ದರೆಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದ್ದಾರೆ. ನುಡಿಸುತ್ತಲೇ ಗುರುತಿನಿಂದ ಗುರುತಿಗೆ ಹೆಜ್ಜೆ! ಬೆರಳಿನಷ್ಟೇ ಕಾಲಿಗೂ ಕೆಲಸ.

ಎಲ್ಲ ಕೂಗೂ ಹೀಗೆ ಮಾತು ಕೇಳುವುದಿಲ್ಲ. ಅಂಗೈಯಿಂದ ತಂತಿಗಳನ್ನೆಲ್ಲ ಒತ್ತಿ ಹಿಡಿದು ನೋಡಬೇಕು. ಸದ್ದು ನಿಂತರೆ ಅದು ತಂತಿಯದು, ಪಳಗಿಸಬಹುದು. ಆಗಲೂ ಕೀಚಲು ದನಿ ಕಿರುಚುತ್ತಿದ್ದರೆ, ಸಾಮಾನ್ಯವಾಗಿ ಪಿಕಪ್ಪಿನೊಳಗಿನ ತಾಮ್ರದ ಸುರುಳಿ ಸಡಿಲವಾಗಿ ನಡುಗುತ್ತಿದೆ ಎಂದರ್ಥ. ಅಂಥ ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದಿ ಸುರುಳಿಯ ಸಂದುಗಳನ್ನು ತುಂಬಿಸುತ್ತಾರೆ. ಮೇಣ ಅತಿ ಬಿಸಿಯಾಯಿತೋ, ಒಳಗಿನ ಪ್ಲಾಸ್ಟಿಕ್ ಚೌಕಟ್ಟೇ ಸೊಟ್ಟಗಾಗುತ್ತದೆ.