ಎರಡು ವರ್ಷ, ಮೂವತ್ತೇ ಪದ: ಮಾತು ತಡವೋ, ಕಿವಿ ಮಂದವೋ?

ಈ ಸಂಚಿಕೆಗೆ ಒಂದು ಮನೆಯನ್ನ ಊಹಿಸಿಕೊಳ್ಳೋಣ. ಕತಾರ್‌ನ ಅಲ್ ರಯ್ಯಾನ್‌ನಲ್ಲಿ ಒಂದು ಫ್ಲ್ಯಾಟು. ಅಪ್ಪ ದಾವಣಗೆರೆಯವರು, ಅಮ್ಮ ಶಿವಮೊಗ್ಗದವರು. ಮಗನಿಗೆ ಈಗ ತಾನೆ ಎರಡು ತುಂಬಿದೆ. ನರ್ಸರಿಯಲ್ಲಿ ಇಂಗ್ಲಿಷು, ಮಧ್ಯಾಹ್ನ ನೋಡಿಕೊಳ್ಳೋ ಆಂಟಿಯದು ಮಲಯಾಳ. ಮಾತು ಕಮ್ಮಿ. ಊರಿಂದ ಅಜ್ಜಿ ಫೋನಲ್ಲಿ ಹೇಳ್ತಾರೆ: "ನಿಮ್ಮಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ, ಸುಮ್ಮನಿರಿ."

ಅಜ್ಜಿ ಹೇಳೋದು ಸುಳ್ಳಲ್ಲ. ತಡವಾಗಿ ಮಾತು ಶುರು ಮಾಡೋ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮುಂದೆ ತಾವಾಗೇ ಜೊತೆಯವರನ್ನ ಹಿಡೀತಾರೆ. ಕಷ್ಟ ಏನಂದ್ರೆ, ಯಾವ ಮಗು ಆ ಗುಂಪಿನದು ಅಂತ ಪದಗಳ ಸಂಖ್ಯೆಯೊಂದರಿಂದ ಗೊತ್ತಾಗಲ್ಲ.

ಆದರೂ ಎಣಿಕೆಯಿಂದಲೇ ಶುರು ಮಾಡೋಣ, ಯಾಕಂದ್ರೆ ಹೆಚ್ಚಿನವರು ತಪ್ಪಾಗಿ ಎಣಿಸ್ತಾರೆ. ಲೆಸ್ಲಿ ರೆಸ್ಕೋರ್ಲಾ ಎಂಬ ಮನಶ್ಶಾಸ್ತ್ರಜ್ಞೆ 1989ರಲ್ಲಿ ಕೊಟ್ಟ ಅಳತೆ ಇವತ್ತಿಗೂ ಬಳಕೆಯಲ್ಲಿದೆ: ಎರಡು ವರ್ಷಕ್ಕೆ 50ಕ್ಕಿಂತ ಕಡಿಮೆ ಪದ, ಅಥವಾ "ಅಮ್ಮ ಬಾ" ಥರ ಎರಡು ಪದ ಜೋಡಿಸದೇ ಇದ್ದರೆ, ಮಾತು ತಡವಾಗಿದೆ ಅಂತ. ಉಚ್ಚಾರಣೆ ಸರಿಯಿರಬೇಕಿಲ್ಲ. ಪ್ರತಿ ಸಲ ಅದೇ ವಸ್ತುವಿಗೆ "ನೀ" ಅಂದ್ರೆ ಅದು ನೀರೇ. "ಬೌಬೌ" ಕೂಡ ಪದವೇ. ನಾವು ಹೇಳಿದ್ದನ್ನ ಆ ಕ್ಷಣಕ್ಕೆ ತಿರುಗಿ ಹೇಳಿದ್ದು ಲೆಕ್ಕಕ್ಕಿಲ್ಲ.

ಈ ಮನೆಯಲ್ಲಿ ಅಪ್ಪ ಎಣಿಸಿದ್ದು 14. ಎಲ್ಲವೂ ಕನ್ನಡ. ಆಮೇಲೆ ಅಮ್ಮ, ನರ್ಸರಿ ಟೀಚರನ್ನೂ ಆಂಟಿಯನ್ನೂ ಕೇಳಿ "ಬಾಲ್", "ಮೋರ್", "ಚೋರ್" ಎಲ್ಲ ಸೇರಿಸಿದಾಗ 33 ಆಯ್ತು. ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿಯೇ ನೋಡಬೇಕು. ಕೂಡಿಸಿದ ಮೇಲೂ 50 ಮುಟ್ಟಿಲ್ಲ, ಜೋಡಿ ಪದವೂ ಇಲ್ಲ. ಅಂದ್ರೆ "ಮೂರು ಭಾಷೆ ಗೊಂದಲ" ಅನ್ನೋ ಸಮಾಧಾನ ಇಲ್ಲಿ ನಡೆಯಲ್ಲ. ಹೆಚ್ಚು ಭಾಷೆ ಕೇಳೋದ್ರಿಂದ ಮಾತಿನ ತೊಂದರೆ ಹುಟ್ಟೋದಿಲ್ಲ, ಹಾಗಾಗಿ ಮನೆಯಲ್ಲಿ ಕನ್ನಡ ನಿಲ್ಲಿಸೋದೂ ಔಷಧಿಯಲ್ಲ.

ಈಗ ಮಾತಿನಿಂದಾಚೆ ನೋಡೋಣ. ಹುಡುಗ ಕಿಟಕಿಯಿಂದ ವಿಮಾನ ತೋರಿಸಿ, ಅಮ್ಮ ನೋಡಿದಳಾ ಅಂತ ತಿರುಗಿ ಅವಳ ಮುಖ ನೋಡ್ತಾನೆ. ಇದು ತುಂಬಾ ಒಳ್ಳೆ ಗುರುತು. ಹೀಗೆ ಬೆರಳು ತೋರಿಸಿ ಹಂಚಿಕೊಳ್ಳೋದು ಇಲ್ಲದಿದ್ದರೆ, ಕಣ್ಣಿಗೆ ಕಣ್ಣು ಕೊಡದಿದ್ದರೆ, ಆಟಿಸಂ ಕಡೆಗೂ ಪರೀಕ್ಷೆ ಆಗಬೇಕು. ಬಂದ ಪದಗಳು ಕಳೆದುಹೋದರಂತೂ ಒಂದು ವಾರವೂ ಕಾಯಬಾರದು.

ಎದುರಿಗೆ ಕೂತು "ಅಪ್ಪನ ಚಪ್ಪಲಿ ತಗೊಂಡು ಬಾ" ಅಂದ್ರೆ ತರ್ತಾನೆ. ಹಿಂದಿನಿಂದ, ಕೈಸನ್ನೆ ಇಲ್ಲದೆ, ಅದನ್ನೇ ಮೆಲ್ಲಗೆ ಹೇಳಿದ್ರೆ ಅಲುಗಾಡಲ್ಲ. ಅರ್ಥ ಆಗದಿದ್ದರೆ ಎದುರಿಗೂ ಆಗ್ತಿರಲಿಲ್ಲ. ಹಾಗಾಗಿ ಅನುಮಾನ ಕಿವಿಯ ಮೇಲೆ.

"ಹುಟ್ಟಿದಾಗಲೇ ಕಿವಿ ಟೆಸ್ಟ್ ಪಾಸ್ ಆಗಿದೆಯಲ್ಲ?" ಆಗಿದೆ. ಒಳಗಿವಿಯ ಹೊರಸಾಲಿನ ಕೂದಲುಕೋಶಗಳು ಶಬ್ದ ಕೇಳಿದಾಗ ತಾವೂ ಸಣ್ಣ ಪ್ರತಿಧ್ವನಿ ಹೊರಡಿಸುತ್ತವೆ. ಡೇವಿಡ್ ಕೆಂಪ್ 1978ರಲ್ಲಿ ಇದನ್ನ ವರದಿ ಮಾಡಿದ್ರು, ಎಷ್ಟೋ ಆಸ್ಪತ್ರೆಗಳಲ್ಲಿ ಕೂಸಿನ ಕಿವಿಗೆ ಪುಟ್ಟ ಬಿರಡೆ ಇಟ್ಟು ಅಳೆಯೋದು ಇದನ್ನೇ. ಅದು ಹೇಳೋದು ಆ ದಿನದ ಕಥೆ. ಎರಡು ವರ್ಷದ ನೆಗಡಿಗಳ ನಂತರ ಕಿವಿತಮಟೆಯ ಹಿಂದೆ ಅಂಟು ದ್ರವ ನಿಲ್ಲಬಹುದು. ಡಾಕ್ಟರುಗಳು ಗ್ಲೂ ಇಯರ್ ಅಂತಾರೆ. ನೋವಿರಲ್ಲ, ಜ್ವರ ಇರಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಚಪ್ಪಾಳೆ ತಟ್ಟಿದ್ರೆ, ತಟ್ಟೆ ಬೀಳಿಸಿದ್ರೆ ಮಗು ತಿರುಗುತ್ತೆ, ಯಾಕಂದ್ರೆ ಆ ಶಬ್ದ ಬಹಳ ಜೋರು. ತಪ್ಪಿಹೋಗೋದು ಮೆಲ್ಲನೆಯ "ಸ", "ತ", "ಕ". ಅದರ ಮೇಲೆ ಕತಾರಿನ ಬೇಸಿಗೆ: ದಿನವಿಡೀ ಏಸಿಯ ಗುಂಯ್!

ಪರೀಕ್ಷೆ ಎರಡು ಥರ. ಒಂದರಲ್ಲಿ ಕಿವಿಯೊಳಗಿನ ಗಾಳಿಯ ಒತ್ತಡ ಬದಲಿಸಿ ತಮಟೆ ಎಷ್ಟು ಅಲುಗುತ್ತೆ ಅಂತ ನೋಡ್ತಾರೆ. ಸರಿಯಿದ್ದರೆ ಗ್ರಾಫಿನಲ್ಲಿ ಗುಡ್ಡ ಬರುತ್ತೆ, ದ್ರವ ತುಂಬಿದ್ದರೆ ಸಪಾಟು ಗೆರೆ. ಇನ್ನೊಂದರಲ್ಲಿ ಶಬ್ದದ ಕಡೆ ಮಗು ತಿರುಗಿದರೆ ದೀಪದ ಗೊಂಬೆ ಬೆಳಗುತ್ತೆ. ಶಬ್ದ ಇಳಿಸ್ತಾ ಹೋಗ್ತಾರೆ. ನಮ್ಮ ಹುಡುಗನಿಗೆ ಎರಡೂ ಕಿವಿಯಲ್ಲಿ ಸಪಾಟು ಗೆರೆ, ಮತ್ತು 35 ಡೆಸಿಬೆಲ್‌ಗಿಂತ ಮೆಲ್ಲಗಿನದು ಕೇಳ್ತಿಲ್ಲ ಅಂದುಕೊಳ್ಳಿ. ಪಿಸುಮಾತು ಅಲ್ಲಿಗೇ ಹೋಯ್ತು.

ಬಹಳಷ್ಟು ಸಲ ಈ ದ್ರವ ತಾನಾಗೇ ಇಳಿಯುತ್ತೆ. ಅದಕ್ಕೇ ಸಾಮಾನ್ಯವಾಗಿ ಮೂರು ತಿಂಗಳು ನೋಡಿ ಮತ್ತೆ ಅಳೀತಾರೆ. ಹಾಗೇ ಉಳಿದರೆ ತಮಟೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಇಡೋ ಮಾತು ಬರುತ್ತೆ. ಈ ಮೂರು ತಿಂಗಳು ಟಿವಿ ಆರಿಸಿ, ಮಗುವಿನ ಎತ್ತರಕ್ಕೆ ಕೂತು, ಮುಖ ಕಾಣುವಂತೆ ಮಾತಾಡಬೇಕು. ದ್ರವ ಇಳಿದು ಕಿವಿ ಸರಿಯಾದ ಮೇಲೂ ಪದಗಳು ಹೆಚ್ಚದಿದ್ದರೆ ಕಾರಣ ಬೇರೆಯೂ ಇರಬಹುದು, ಆಗ ಮಾತಿನ ತಜ್ಞರು ಬೇಕು.

ಅಲ್ ರಯ್ಯಾನ್‌ನವರು ಹತ್ತಿರದ ಹೆಲ್ತ್ ಸೆಂಟರಿನಲ್ಲಿ ಕೇಳಿ ರೆಫರಲ್ ಪಡೆಯಬಹುದು. ಮಕ್ಕಳ ದೊಡ್ಡ ಆಸ್ಪತ್ರೆ ಸಿದ್ರಾ ಮೆಡಿಸಿನ್ ಅಲ್ಲೇ ಇದೆ. ರಜೆಗೆ ಊರಿಗೆ ಬಂದಾಗ ಕನ್ನಡದಲ್ಲೇ ಮಗುವಿನ ಮಾತು ನೋಡಿಸಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಪರೀಕ್ಷೆಯನ್ನ ಮಾತ್ರ ರಜೆಯ ತನಕ ಮುಂದೂಡಬೇಡಿ. ಹೋಗುವಾಗ ಆ 33 ಪದಗಳ ಪಟ್ಟಿ, ಯಾವುದು ಯಾವ ಭಾಷೆಯದು ಅಂತ ಬರೆದುಕೊಂಡು, ಜೊತೆಗೇ ಒಯ್ಯಿರಿ.