ನಕಲು ಮಾಡುವುದೋ, ಹೋಳು ಮಾಡುವುದೋ

ಕೆಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಸಣ್ಣ ಕಂಪನಿಯೊಂದರ ಆ್ಯಪ್‌ಗೆ ವಿಚಿತ್ರ ದೂರು ಬರತೊಡಗಿತು. ಗ್ರಾಹಕರು ಆರ್ಡರ್ ಕೊಡುತ್ತಾರೆ, ದುಡ್ಡು ಕಟ್ಟುತ್ತಾರೆ, 'ನನ್ನ ಆರ್ಡರ್‌ಗಳು' ಪುಟ ತೆರೆದರೆ ಖಾಲಿ. ಗಾಬರಿಬಿದ್ದು ಇನ್ನೊಮ್ಮೆ ಕೊಡುತ್ತಾರೆ. ನಾಲ್ಕೈದು ಸೆಕೆಂಡ್ ಬಿಟ್ಟು ನೋಡಿದರೆ ಎರಡೂ ಆರ್ಡರ್ ಹಾಜರ್!

ತಪ್ಪು ನಮ್ಮದೇ. ಅದರ ಹಿಂದಿನ ವಾರ ಡೇಟಾಬೇಸ್ ನಿಧಾನವಾಯಿತೆಂದು ಅದಕ್ಕೊಂದು ನಕಲು ಯಂತ್ರ, ಅಂದರೆ ರೆಪ್ಲಿಕಾ, ಜೋಡಿಸಿದ್ದೆವು. ಬರೆಯುವ ಕೆಲಸವೆಲ್ಲ ಮೂಲ ಯಂತ್ರದಲ್ಲಿ, ಓದುವುದು ನಕಲಿನಲ್ಲಿ. ಮೂಲದಲ್ಲಿ ಬರೆದದ್ದು ನಕಲಿಗೆ ತಲುಪಲು ಸಾಮಾನ್ಯವಾಗಿ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಕೆಲಸದ ಒತ್ತಡ ಹೆಚ್ಚಿದಾಗ ಮಾತ್ರ ನಕಲು ಹಿಂದೆ ಬೀಳುತ್ತದೆ. ಪೋಸ್ಟ್‌ಗ್ರೆಸ್ ಬಳಸುವವರು ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನು ಮೂಲ ಯಂತ್ರದಲ್ಲೇ ಕೇಳಬಹುದು:

```sql
SELECT client_addr, replay_lag FROM pg_stat_replication;
```

ನಮ್ಮಲ್ಲಿ ಸಂಜೆ ಹೊತ್ತು ಅದು ಐದು ಸೆಕೆಂಡ್ ತೋರಿಸುತ್ತಿತ್ತು. ಪರಿಹಾರ ಸರಳವಾಗಿತ್ತು: ಈಗಷ್ಟೇ ಬರೆದವರಿಗೆ ಸ್ವಲ್ಪ ಹೊತ್ತು ಮೂಲದಿಂದಲೇ ಓದಿಸುವುದು. ನಕಲುಗಳಿಂದ ನಿಜವಾದ ಲಾಭವೂ ಇತ್ತು. ಮೂಲ ಯಂತ್ರ ಕೈಕೊಟ್ಟರೆ ನಕಲನ್ನೇ ಮೂಲವಾಗಿ ಕೂರಿಸಬಹುದು.

ಆದರೆ ನಕಲು ಎಲ್ಲ ಭಾರವನ್ನೂ ಹೊರುವುದಿಲ್ಲ. ಸೆಕೆಂಡಿಗೆ 900 ಓದು, 100 ಬರಹ ಇದೆ ಎಂದಿಟ್ಟುಕೊಳ್ಳಿ. ಮೂರು ನಕಲು ಇಟ್ಟರೆ ಓದು ತಲಾ 300ಕ್ಕೆ ಇಳಿಯುತ್ತದೆ. ಬರಹ ಇಳಿಯುವುದಿಲ್ಲ. ಮೂಲದಲ್ಲಿ ನಡೆದ ಆ 100 ಬರಹವನ್ನೂ ಪ್ರತಿ ನಕಲು ತಾನೂ ಮಾಡಿ ಮುಗಿಸಲೇಬೇಕು, ಇಲ್ಲವಾದರೆ ಅದು ನಕಲೇ ಅಲ್ಲ. ನಾಳೆ ಬರಹ 1,000ಕ್ಕೆ ಏರಿದರೆ ನಾಲ್ಕೂ ಯಂತ್ರಗಳು ಅಷ್ಟನ್ನೂ ಹೊರಬೇಕು. ಹತ್ತು ನಕಲು ಸೇರಿಸಿದರೂ ಲೆಕ್ಕ ಅದೇ. ಡಿಸ್ಕ್ ತುಂಬುವ ಕಥೆಯೂ ಹಾಗೆಯೇ.

ಇಂಥ ಇಕ್ಕಟ್ಟಿಗೆ ಬೇಕಾದದ್ದು ಶಾರ್ಡಿಂಗ್: ದತ್ತಾಂಶವನ್ನೇ ಹೋಳು ಮಾಡಿ, ಒಂದೊಂದು ಯಂತ್ರಕ್ಕೆ ಒಂದೊಂದು ಪಾಲು ಕೊಡುವುದು. ನಾಲ್ಕು ಯಂತ್ರಗಳಿಗೆ ಸಮನಾಗಿ ಹಂಚಿದರೆ ಆ 1,000 ಬರಹ ತಲಾ 250 ಆಗುತ್ತದೆ.

ಟಿಪ್ಪಣಿ ಬರೆದಿಡುವ 'ನೋಶನ್' ಆ್ಯಪ್ 2021ರಲ್ಲಿ ಈ ದಾರಿ ಹಿಡಿಯಿತು. ಅದರ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೆಳೆದು, ಕಸ ಗುಡಿಸುವ ವ್ಯಾಕ್ಯೂಮ್ ಕೆಲಸ ಮುಗಿಯದೆ ನಿಲ್ಲತೊಡಗಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಸಾಲೊಂದನ್ನು ತಿದ್ದಿದರೆ ಹಳೆಯದು ಸತ್ತು ಅಲ್ಲೇ ಬಿದ್ದಿರುತ್ತದೆ. ಅದನ್ನು ಗುಡಿಸಿ ಜಾಗ ಬಿಡಿಸುವುದು ವ್ಯಾಕ್ಯೂಮ್. ಇನ್ನೂ ದೊಡ್ಡ ಭಯವೆಂದರೆ, ಪ್ರತಿ ವ್ಯವಹಾರಕ್ಕೂ ಕೊಡುವ ಕ್ರಮಸಂಖ್ಯೆಗೆ ಮಿತಿಯಿದೆ. ವ್ಯಾಕ್ಯೂಮ್ ತೀರಾ ಹಿಂದೆ ಬಿದ್ದರೆ ದತ್ತಾಂಶ ಕೆಡದಿರಲೆಂದು ಡೇಟಾಬೇಸ್ ಬರಹವನ್ನೇ ನಿಲ್ಲಿಸಿಬಿಡುತ್ತದೆ. ಅಂಥ ಕಾಯಿಲೆ ನಕಲು ಯಂತ್ರದಿಂದ ವಾಸಿಯಾಗುವಂಥದ್ದಲ್ಲ.

ಯಾವುದರ ಆಧಾರದಲ್ಲಿ ಹೋಳು ಮಾಡಬೇಕೆಂಬುದೇ ಇಲ್ಲಿ ಕಷ್ಟದ ಪ್ರಶ್ನೆ. ನೋಶನ್ ಆರಿಸಿದ್ದು ವರ್ಕ್‌ಸ್ಪೇಸ್. ಒಂದು ತಂಡದ ಪುಟಗಳೆಲ್ಲ ಒಂದೇ ವರ್ಕ್‌ಸ್ಪೇಸ್‌ನಲ್ಲಿರುತ್ತವೆ, ಜನ ಒಂದು ಹೊತ್ತಿಗೆ ಒಂದರಲ್ಲೇ ಕೆಲಸ ಮಾಡುತ್ತಾರೆ. ಹಾಗಾಗಿ ಹೆಚ್ಚಿನ ಪ್ರಶ್ನೆಗಳಿಗೆ ಒಂದೇ ಹೋಳಿನಲ್ಲಿ ಉತ್ತರ ಸಿಗುತ್ತದೆ. ತಾರೀಖಿನ ಪ್ರಕಾರ ಹೋಳು ಮಾಡಿದ್ದರೆ ಇವತ್ತಿನ ಬರಹವೆಲ್ಲ ಒಂದೇ ಯಂತ್ರದ ತಲೆಗೆ ಬಂದು, ಉಳಿದವು ತೂಕಡಿಸುತ್ತಿದ್ದವು. ಹಾಗೆಂದು ಸರಿಯಾದ ಆಧಾರ ಆರಿಸಿದರೂ ಪೂರ್ತಿ ನೆಮ್ಮದಿ ಇಲ್ಲ. ಎರಡು ಹೋಳುಗಳ ದತ್ತಾಂಶವನ್ನು ಒಟ್ಟಿಗೆ ಬದಲಿಸುವಾಗ, ಒಂದರಲ್ಲಿ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಏನು ಮಾಡಬೇಕೆಂಬುದನ್ನು ಪ್ರೋಗ್ರಾಮ್ ಬರೆಯುವವರೇ ಯೋಚಿಸಬೇಕು. ಒಂದೇ ಡೇಟಾಬೇಸ್ ಇದ್ದಾಗ ಈ ತಲೆನೋವು ಅದರದ್ದಾಗಿತ್ತು. ಅದಕ್ಕೇ ನನ್ನ ಮಟ್ಟಿಗೆ ಶಾರ್ಡಿಂಗ್ ಕೊನೆಯ ಮದ್ದು. ಇಂಡೆಕ್ಸ್ ಸರಿಮಾಡಿ, ದೊಡ್ಡ ಯಂತ್ರ ತಂದು, ಓದಿನ ಭಾರಕ್ಕೆ ನಕಲು ಇಟ್ಟು ಆಮೇಲೆ ನೋಡುವಂಥದ್ದು. ಹೋಳು ಮಾಡಿದ ಮೇಲೂ ನಕಲು ತಪ್ಪುವುದಿಲ್ಲ. ಯಾವುದೋ ಒಂದು ಹೋಳಿನ ಯಂತ್ರ ಸತ್ತರೆ ಅಷ್ಟು ಜನರ ಪುಟಗಳು ಮಾಯ.

ನೋಶನ್ ಮಾಡಿದ ಇನ್ನೊಂದು ಜಾಣತನ ನನಗೆ ಬಹಳ ಹಿಡಿಸಿತು. ಯಂತ್ರಗಳು 32, ಆದರೆ ಹೋಳುಗಳು 480. ಯಂತ್ರಕ್ಕೆ ಹದಿನೈದರಂತೆ ಕೂರಿಸಿದರು. 512 ಎಂಬ ಕಂಪ್ಯೂಟರ್‌ನವರ ಮುದ್ದಿನ ಸಂಖ್ಯೆಯನ್ನು ಬಿಟ್ಟದ್ದಕ್ಕೆ ಕಾರಣವಿದೆ. 512ನ್ನು ಸಮನಾಗಿ ಹಂಚಬೇಕೆಂದರೆ ಯಂತ್ರಗಳನ್ನು ಪ್ರತಿಸಲ ದುಪ್ಪಟ್ಟು ಮಾಡಬೇಕು: 32, ಇಲ್ಲವೇ 64. 480ಕ್ಕೆ ಹಾಗಿಲ್ಲ, ಅದು 40, 48, 60 ಎಲ್ಲದರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. 2023ರಲ್ಲಿ ಅವರು ಯಂತ್ರಗಳನ್ನು 96ಕ್ಕೆ ಏರಿಸಿದರು. ಯಾವ ಹೋಳನ್ನೂ ಒಡೆಯದೆ, ಯಂತ್ರಕ್ಕೆ ಐದರಂತೆ ಹಂಚಿಟ್ಟರು.